ಪ್ರತಿಕೂಲ ತೆರಿಗೆ ಆದೇಶ ಮತ್ತು ಮೇಲ್ಮನವಿಯ ಆಧಾರಗಳು

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಡಿ ಅಧಿಕಾರಿಯು ಹೊರಡಿಸಿದ ಆದೇಶದಿಂದ ಬಾಧಿತನಾದ ವರ್ತಕನಿಗೆ 107ನೇ ಕಲಮು ಮೊದಲ ಮೇಲ್ಮನವಿಯ ಹಕ್ಕನ್ನು ನೀಡಿದೆ. ಈ ಹಕ್ಕನ್ನು ಬಳಸುವವರಿಗೆ ಕೊರತೆಯಿಲ್ಲ. ಆದರೆ ಎಪಿಎಲ್-01 ನಮೂನೆಯೊಂದಿಗೆ ಲಗತ್ತಿಸುವ "ಮೇಲ್ಮನವಿಯ ಆಧಾರಗಳು" ಎಂಬ ಪುಟಗಳಲ್ಲಿ ಬಹುಪಾಲು ಕಾಣಸಿಗುವುದು ಆಧಾರಗಳಲ್ಲ, ಅಳಲು. ವ್ಯಾಪಾರ ಮಂದವಾಗಿದೆ, ಕಾರ್ಮಿಕರಿಗೆ ವೇತನ ಕೊಡುವುದೇ ಕಷ್ಟವಾಗಿದೆ, ಅಧಿಕಾರಿಗಳು ನಮ್ಮ ಮಾತು ಕೇಳಲಿಲ್ಲ ಎಂಬ ಮಾತುಗಳು ನಿಜವೇ ಇರಬಹುದು. ಅವುಗಳಿಂದ ಆದೇಶದ ಒಂದು ರೂಪಾಯಿಯೂ ರದ್ದಾಗದು.

ವಿಷಯ ಸ್ಪಷ್ಟವಾಗಲು ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಎರಕದ ಕಾರ್ಖಾನೆ. 2018-19ನೇ ಸಾಲಿಗೆ ಸಂಬಂಧಿಸಿ ರೂ. 6,00,000 ಹೂಡುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್, ಸರಬರಾಜುದಾರರ ವಿವರಪಟ್ಟಿಯೊಂದಿಗೆ ತಾಳೆಯಾಗುವುದಿಲ್ಲ ಎಂದು 73ನೇ ಕಲಮಿನಡಿ ನೋಟಿಸು ಬಂದಿತು. ಇದರಲ್ಲಿ ಪಿಗ್ ಐರನ್ ವರ್ತಕನೊಬ್ಬನಿಂದ ಬಂದ ಜಮೆ ರೂ. 3,60,000, ಬೆಂಟೊನೈಟ್ ಮತ್ತು ಮರಳು ಪೂರೈಸಿದವನದು ರೂ. 1,80,000, ಉಳಿದ ರೂ. 60,000 ಕಾರ್ಖಾನೆಯ ಗುಮಾಸ್ತರೇ ಒಂದು ಬಿಲ್ಲನ್ನು ಎರಡು ಬಾರಿ ಲೆಕ್ಕಕ್ಕೆ ಹಿಡಿದ ತಪ್ಪು. ಕಾರ್ಖಾನೆಯು ಉತ್ತರ ಸಲ್ಲಿಸಿ, ಸರಬರಾಜುದಾರರಿಂದ ಪ್ರಮಾಣಪತ್ರ ತರಲು ಕಾಲಾವಕಾಶ ಕೋರಿತು. ವಿಚಾರಣೆಯ ದಿನಾಂಕ ನಿಗದಿಯಾಗಲೇ ಇಲ್ಲ. 2024ರ ಏಪ್ರಿಲ್ 24ರಂದು ಆದೇಶ ಹೊರಬಿದ್ದಿತು. ಅದರಲ್ಲಿ ನೋಟಿಸಿನ ಮೊತ್ತದ ಜೊತೆಗೆ, ಲಾರಿ ಬಾಡಿಗೆಯ ಮೇಲಿನ ರಿವರ್ಸ್ ಚಾರ್ಜ್ ತೆರಿಗೆಯೆಂದು ಹೊಸದಾಗಿ ರೂ. 90,000 ಸೇರಿಸಿ, ಒಟ್ಟು ರೂ. 6,90,000 ತೆರಿಗೆ, ಅದರ ಮೇಲೆ ಬಡ್ಡಿ ಮತ್ತು ಶೇ. 10ರಷ್ಟು ದಂಡ ವಿಧಿಸಲಾಗಿತ್ತು.

ಆದೇಶವು ಅಂಚೆಯಲ್ಲಿ ಬರಲಿಲ್ಲ. ಜಾಲತಾಣದಲ್ಲಿ, ಹೆಚ್ಚುವರಿ ನೋಟಿಸುಗಳ ಪುಟದಲ್ಲಿ ಅದೇ ದಿನ ಬಂದು ಕುಳಿತಿದ್ದುದನ್ನು ಲೆಕ್ಕಪತ್ರದವರು ನೋಡಿದ್ದು ಜುಲೈ 10ರಂದು. ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಆದ್ದರಿಂದ ಜುಲೈ 24 ಕಡೆಯ ದಿನ. ಕೈಯಲ್ಲಿದ್ದುದು ಎರಡು ವಾರ. ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸುವ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕಿದೆ. ಅದನ್ನೂ ಮೀರಿದವರಿಗೆ ಉಚ್ಚ ನ್ಯಾಯಾಲಯದ ರಿಟ್ ಅರ್ಜಿಯೊಂದೇ ದಾರಿ, ಫಲ ಅನಿಶ್ಚಿತ. ಆದೇಶ ಕಂಡ ದಿನವನ್ನು "ತಲುಪಿದ ದಿನ" ಎಂದು ವಾದಿಸಬಹುದಾದರೂ, ಆ ವಾದವನ್ನು ನೆಚ್ಚಿ ಕಾಲಹರಣ ಮಾಡುವುದು ಜಾಣತನವಲ್ಲ.

ಆಧಾರಗಳನ್ನು ಬರೆಯುವ ಮುನ್ನ ಆಗಬೇಕಾದ ಕೆಲಸ ವಿವಾದವನ್ನು ಬೇರ್ಪಡಿಸುವುದು. ಎರಡು ಬಾರಿ ಹಿಡಿದ ಬಿಲ್ಲಿಗೆ ಸಮರ್ಥನೆಯಿಲ್ಲ. ಆ ರೂ. 60,000ವನ್ನು ಒಪ್ಪಿ, ಅದರ ಬಡ್ಡಿ ಮತ್ತು ದಂಡದ ಪಾಲಿನೊಂದಿಗೆ ಪೂರ್ತಿ ಪಾವತಿಸಬೇಕು. ವಿವಾದದಲ್ಲಿ ಉಳಿಯುವ ರೂ. 6,30,000 ತೆರಿಗೆಯ ಶೇ. 10, ಎಂದರೆ ರೂ. 63,000, ಪೂರ್ವಠೇವಣಿಯಾಗುತ್ತದೆ. ಇದನ್ನು ಕಟ್ಟಿ ಮೇಲ್ಮನವಿ ಸಲ್ಲಿಸಿದೊಡನೆ ಉಳಿದ ಮೊತ್ತದ ವಸೂಲಿಗೆ ಕಾಯಿದೆಯಿಂದಲೇ ತಡೆಯುಂಟಾಗುತ್ತದೆ. ಬೇರೆ ಅರ್ಜಿ ಬೇಕಿಲ್ಲ. ತಪ್ಪಿದ್ದುದನ್ನು ಒಪ್ಪಿಕೊಂಡ ಮೇಲ್ಮನವಿಯ ಉಳಿದ ಮಾತಿಗೆ ತೂಕವೂ ಹೆಚ್ಚು.

ಇನ್ನು ಆಧಾರಗಳು. ಘಟನೆಗಳ ವಿವರವನ್ನು ದಿನಾಂಕಾನುಕ್ರಮವಾಗಿ ಪ್ರತ್ಯೇಕ ಪುಟದಲ್ಲಿ ಬರೆದು, ಆಧಾರಗಳಲ್ಲಿ ಆದೇಶದ ತಪ್ಪನ್ನು ಮಾತ್ರ ಹೇಳಬೇಕು. ಈ ಪ್ರಕರಣದಲ್ಲಿ ಅವು ಹೀಗಿರಬಹುದು:

1. ಆದೇಶದಲ್ಲಿ ಸೇರಿಸಿರುವ ರೂ. 90,000 ತೆರಿಗೆಯು ನೋಟಿಸಿನಲ್ಲಿ ಇರಲಿಲ್ಲ. ನೋಟಿಸಿನ ಮೊತ್ತವನ್ನು ಮೀರಿ, ಅದರಲ್ಲಿ ಹೇಳದ ಕಾರಣದ ಮೇಲೆ ಬೇಡಿಕೆಯನ್ನು ಸ್ಥಿರಪಡಿಸುವುದು 75(7)ನೇ ಕಲಮಿಗೆ ವಿರುದ್ಧವಾಗಿದೆ.

2. ಪ್ರತಿಕೂಲ ನಿರ್ಧಾರವನ್ನು ಕೈಗೊಳ್ಳುವ ಮುನ್ನ ವಿಚಾರಣೆಯ ಅವಕಾಶ ನೀಡುವುದು 75(4)ನೇ ಕಲಮಿನಂತೆ ಕಡ್ಡಾಯ. ಮೇಲ್ಮನವಿದಾರರು ಕಾಲಾವಕಾಶ ಕೋರಿದ್ದರೂ ವಿಚಾರಣೆ ನಡೆದಿಲ್ಲ. ಈ ಕಾರಣದಿಂದ ಸಲ್ಲಿಸಲಾಗದೆ ಹೋದ ಪ್ರಮಾಣಪತ್ರಗಳನ್ನು 112ನೇ ನಿಯಮದಡಿ ಈಗ ಸ್ವೀಕರಿಸಬೇಕು.

3. ಪಿಗ್ ಐರನ್ ಸರಬರಾಜುದಾರರು ಸದರಿ ಬಿಲ್ಲುಗಳನ್ನು ನೋಂದಾಯಿತ ವರ್ತಕನಿಗೆ ಮಾಡಿದ ಮಾರಾಟವೆಂದು ತೋರಿಸುವ ಬದಲು ಸಾಮಾನ್ಯ ಗ್ರಾಹಕರ ಮಾರಾಟದಲ್ಲಿ ತೋರಿಸಿ ತೆರಿಗೆ ಪಾವತಿಸಿದ್ದಾರೆ. 2022ರ ಡಿಸೆಂಬರ್ 27ರ 183ನೇ ಸುತ್ತೋಲೆಯಂತೆ ಅವರ ಪ್ರಮಾಣಪತ್ರ, ಬಿಲ್ಲುಗಳು, ತೂಕದ ಚೀಟಿಗಳು ಮತ್ತು ಬ್ಯಾಂಕ್ ಪಾವತಿಯ ದಾಖಲೆಗಳನ್ನು ಲಗತ್ತಿಸಿದೆ.

4. ಬೆಂಟೊನೈಟ್ ಸರಬರಾಜುದಾರರು ತಮ್ಮ ವಿವರಪಟ್ಟಿಯಲ್ಲಿ ತಪ್ಪು ನೋಂದಣಿ ಸಂಖ್ಯೆ ನಮೂದಿಸಿದ್ದಾರೆ. ಇದಕ್ಕೂ ಅದೇ ಸುತ್ತೋಲೆ ಅನ್ವಯಿಸುತ್ತದೆ, ದಾಖಲೆಗಳನ್ನು ಲಗತ್ತಿಸಿದೆ.

ಈ ಪಟ್ಟಿಯಲ್ಲಿ ಹೆಚ್ಚು ಗಮನ ಬೇಡುವುದು 2ನೇ ಆಧಾರ. "ಸಹಜ ನ್ಯಾಯ ಉಲ್ಲಂಘನೆಯಾಗಿದೆ, ಆದೇಶ ರದ್ದುಪಡಿಸಿ" ಎಂದಷ್ಟೇ ಬರೆದು ತೃಪ್ತರಾಗುವ ರೂಢಿಯಿದೆ. ಆದರೆ 107(11)ನೇ ಕಲಮಿನಂತೆ ಮೇಲ್ಮನವಿ ಪ್ರಾಧಿಕಾರವು ಆದೇಶವನ್ನು ಸ್ಥಿರೀಕರಿಸಬಹುದು, ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು. ಮರುವಿಚಾರಣೆಗೆಂದು ಕೆಳಗಿನ ಅಧಿಕಾರಿಗೆ ಹಿಂದಿರುಗಿಸುವಂತಿಲ್ಲ. ಹೀಗಾಗಿ ವಿಚಾರಣೆ ನಡೆಯಲಿಲ್ಲವೆಂದು ಒಪ್ಪಿದರೂ ಪ್ರಾಧಿಕಾರವು ಅಲ್ಲಿಗೇ ನಿಲ್ಲದೆ, "ನಡೆದಿದ್ದರೆ ಏನು ತೋರಿಸುತ್ತಿದ್ದಿರಿ?" ಎಂದು ಕೇಳುವುದು ಸಹಜ. ತೋರಿಸಲು ದಾಖಲೆಯಿಲ್ಲದವನಿಗೆ ಆ ಆಧಾರ ನೆರವಾಗುವುದು ಕಷ್ಟ. ಮತ್ತೊಂದು ಕಡೆ, ಅಧಿಕಾರಿಯ ಮುಂದೆ ಇಡದ ದಾಖಲೆಯನ್ನು ಮೇಲ್ಮನವಿಯಲ್ಲಿ ಹೊಸದಾಗಿ ಇಡಲು 112ನೇ ನಿಯಮವು ಕೆಲವೇ ಸಂದರ್ಭಗಳಲ್ಲಿ ಅವಕಾಶ ಕೊಡುತ್ತದೆ. ಸಾಕಷ್ಟು ಅವಕಾಶ ನೀಡದೆ ಆದೇಶ ಮಾಡಿರುವುದು ಅವುಗಳಲ್ಲೊಂದು. ಎಂದರೆ ವಿಚಾರಣೆ ನಡೆಯಲಿಲ್ಲವೆಂಬ ಆಧಾರದ ನಿಜವಾದ ಉಪಯೋಗ 3 ಮತ್ತು 4ರ ಪ್ರಮಾಣಪತ್ರಗಳಿಗೆ ಬಾಗಿಲು ತೆರೆಯುವುದು. ಈ ಕೊಂಡಿ ತಪ್ಪಿದರೆ, ಕೈಯಲ್ಲಿ ಒಳ್ಳೆಯ ದಾಖಲೆಯಿದ್ದೂ ಅದು ಹೊರಗೇ ಉಳಿಯಬಹುದು.

ಸುತ್ತೋಲೆಯ ಮಿತಿಯನ್ನೂ ಅರಿತಿರಬೇಕು. ಒಬ್ಬ ಸರಬರಾಜುದಾರನಿಂದ ವರ್ಷಕ್ಕೆ ರೂ. 5,00,000ದವರೆಗಿನ ವ್ಯತ್ಯಾಸಕ್ಕೆ ಅವನದೇ ಪ್ರಮಾಣಪತ್ರ ಸಾಕು. ಮೀರಿದರೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟರ ಪ್ರಮಾಣಪತ್ರ ಬೇಕು. ಸುತ್ತೋಲೆ ಅನ್ವಯಿಸುವುದು 2017-18 ಮತ್ತು 2018-19ನೇ ಸಾಲುಗಳಿಗೆ. 2022ರ ಜನವರಿ 1ರಿಂದ ಸರಬರಾಜುದಾರನು ತನ್ನ ವಿವರಪಟ್ಟಿಯಲ್ಲಿ ಬಿಲ್ಲನ್ನು ತೋರಿಸಿರುವುದೇ ಜಮೆಗೆ ಷರತ್ತಾಗಿರುವುದರಿಂದ, ಈಚಿನ ವರ್ಷಗಳ ಆದೇಶಕ್ಕೆ ಇದೇ ಆಧಾರವನ್ನು ನಕಲು ಮಾಡಿದರೆ ನಿಲ್ಲದು.

ಕೋರಿಕೆಯ ಭಾಗದಲ್ಲಿ ಮೊತ್ತ ನಿಖರವಾಗಿರಬೇಕು. ಇಲ್ಲಿ ಕೇಳಬೇಕಾದುದು ರೂ. 6,30,000 ತೆರಿಗೆ ಮತ್ತು ಅದಕ್ಕೆ ತಗುಲಿದ ಬಡ್ಡಿ, ದಂಡಗಳ ರದ್ದತಿ. ರೂ. 6,90,000 ಎಂದು ಬರೆದರೆ ಪಾವತಿಸಿದ ಒಪ್ಪಿಗೆಗೂ ಕೋರಿಕೆಗೂ ವಿರೋಧವುಂಟಾಗುತ್ತದೆ.

ಬಿಟ್ಟುಹೋದ ಆಧಾರವನ್ನು ವಿಚಾರಣೆಯ ವೇಳೆ ಸೇರಿಸಲು ಅನುಮತಿ ಸಿಗಬಹುದು. ಬಿಟ್ಟದ್ದು ಉದ್ದೇಶಪೂರ್ವಕವಲ್ಲ, ಅಸಮಂಜಸವಲ್ಲ ಎಂದು ಪ್ರಾಧಿಕಾರಕ್ಕೆ ಮನದಟ್ಟಾಗಬೇಕು. ವಿಚಾರಣೆಯನ್ನು ಒಬ್ಬ ಪಕ್ಷಕಾರನ ಕೋರಿಕೆಯ ಮೇಲೆ 3 ಬಾರಿಗಿಂತ ಹೆಚ್ಚು ಮುಂದೂಡುವಂತಿಲ್ಲ. ಇಲ್ಲಿಯೂ ಆದೇಶ ವಿರುದ್ಧವಾದರೆ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಲ್ಲಿ ವಿವಾದಿತ ತೆರಿಗೆಯ ಇನ್ನೂ ಶೇ. 10ನ್ನು ಠೇವಣಿ ಇಡಬೇಕಾಗುತ್ತದೆ.