ಸಿಮೆಂಟ್ ಚೀಲದ ಮೇಲಿನ 53 ಏನು ಹೇಳುತ್ತದೆ?

‘ಮೋಲ್ಡಿಗೆ 53 ಗ್ರೇಡ್ ತಗೊಳ್ಳಿ ಸಾರ್, ಗೋಡೆಗೆ ಪಿಪಿಸಿ ಸಾಕು’ ಎನ್ನುವ ಮಾತು ಸಿಮೆಂಟ್ ಅಂಗಡಿಗಳಲ್ಲಿ ಸಾಮಾನ್ಯ. ಸಂಖ್ಯೆ ದೊಡ್ಡದಿದ್ದರೆ ಮನೆ ಗಟ್ಟಿ ಎಂದು ನಂಬಿ ಹೆಚ್ಚು ಹಣ ಕೊಡುವವರೂ ಇದ್ದಾರೆ. ಆದರೆ ಆ 53 ನಿಮ್ಮ ತಾರಸಿಯ ಬಲವಲ್ಲ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ನಿಗದಿತ ಮರಳು ಬೆರೆಸಿ ಪ್ರಯೋಗಾಲಯದಲ್ಲಿ ಪುಟ್ಟ ಘನಾಕೃತಿಯ ಅಚ್ಚುಗಳನ್ನು ಹಾಕುತ್ತಾರೆ. ಅವನ್ನು 28 ದಿನ ನೀರಿನಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಒತ್ತಡವನ್ನು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 540 ಕಿಲೋ ಭಾರವನ್ನು ತಡೆದುಕೊಂಡರೆ ಅದು 53 ಗ್ರೇಡ್. 43 ಗ್ರೇಡಿಗೂ ಇದೇ ಲೆಕ್ಕ. ಎರಡೂ ಸಾಧಾರಣ ಸಿಮೆಂಟ್, ಅಂದರೆ ಓಪಿಸಿ. ಚೀಲದ ಮೇಲೆ ಐಎಸ್ 269 ಎಂದಿರುತ್ತದೆ.

ಎಂಜಿನಿಯರ್ ನಕ್ಷೆಯಲ್ಲಿ ಬರೆಯುವ ಎಂ20 ಬೇರೆಯೇ. ಅದು ಜಲ್ಲಿ, ಮರಳು, ನೀರು ಎಲ್ಲ ಸೇರಿದ ಕಾಂಕ್ರೀಟಿನ ಬಲ. 43 ಗ್ರೇಡಿನಿಂದಲೂ ಪಿಪಿಸಿಯಿಂದಲೂ ಎಂ20 ಸುಲಭವಾಗಿ ಬರುತ್ತದೆ. 53 ತಂದರೂ, ಚೀಲಕ್ಕೆ 25ರಿಂದ 27 ಲೀಟರ್ ಸಾಕಾಗುವಲ್ಲಿ ಕಲಸಲು ಸುಲಭವೆಂದು 35 ಲೀಟರ್ ಸುರಿದರೆ ಆ ಬಲ ಕೈಗೆ ಸಿಗುವುದಿಲ್ಲ. ಮರಳು ಒದ್ದೆಯಿದ್ದರೆ ಅದರಲ್ಲಿರುವ ನೀರನ್ನೂ ಈ ಲೆಕ್ಕದಲ್ಲಿ ಕಳೆಯಬೇಕು.

ಪಿಪಿಸಿ ಎಂದರೆ ಪೊಜೊಲಾನಾ ಬೆರೆತ ಸಿಮೆಂಟ್. ನಮ್ಮಲ್ಲಿ ಸಿಗುವುದು ಬಹುಪಾಲು ಹಾರುಬೂದಿಯದು: ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಏಳುವ ನಯವಾದ ಬೂದಿ. ತೂಕದಲ್ಲಿ 15ರಿಂದ 35 ಶೇಕಡಾ ಬೂದಿ ಬೆರೆಸಲು ಐಎಸ್ 1489 ಅನುಮತಿ ಕೊಡುತ್ತದೆ. ‘ಬೂದಿ ಹಾಕಿ ಮೋಸ ಮಾಡ್ತಾರೆ’ ಎನ್ನುವವರಿಗೆ ಹೇಳಲೇಬೇಕಾದ ಮಾತೊಂದಿದೆ. ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಒಂದಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಅದರಿಂದ ಬಲವೇನೂ ಬರುವುದಿಲ್ಲ, ನೀರಿಗೆ ಕರಗಿ ಹೊರಬರುವ ಅಂಶವದು. ಬೂದಿಯ ಸಿಲಿಕಾ ಆ ಸುಣ್ಣದೊಡನೆ ನಿಧಾನವಾಗಿ ಕೂಡಿ, ಹೊಸ ಅಂಟಾಗಿ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಹಾಗಾಗಿ ಚೆನ್ನಾಗಿ ನೀರುಂಡ ಪಿಪಿಸಿ ಕಾಂಕ್ರೀಟಿನಲ್ಲಿ ನೀರು ಜಿನುಗುವುದು ಕಡಿಮೆ, ಒಳಗಿನ ಕಬ್ಬಿಣಕ್ಕೂ ರಕ್ಷಣೆ. ಈ ಗುಣ ನಮ್ಮ ಹಿರಿಯರಿಗೆ ತಿಳಿದಿತ್ತು. ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಸುಣ್ಣಕ್ಕೆ ಬೆರೆಸಿದ ಗಾರೆಯಿಂದಲೇ ಕನ್ನಂಬಾಡಿ ಕಟ್ಟೆ ಎದ್ದಿದೆ.

ಪಿಪಿಸಿಗೆ ಗ್ರೇಡ್ ಸಂಖ್ಯೆಯೇ ಇಲ್ಲ. ‘ಇದು 53ರ ಪಿಪಿಸಿ’ ಎಂದು ಅಂಗಡಿಯವರು ಹೇಳಿದರೆ ಅದು ಮಾರಾಟದ ಮಾತು. ಮಾನಕ ಕೇಳುವುದು 28 ದಿನಕ್ಕೆ ಕನಿಷ್ಠ 33. ಒಳ್ಳೆಯ ಕಂಪನಿಗಳ ಸಿಮೆಂಟ್ ಇದನ್ನು ಮೀರುತ್ತದೆ, ನಿಜ. ಆದರೆ ಖಾತರಿ ಇರುವುದು 33ಕ್ಕೆ ಮಾತ್ರ.

ವ್ಯತ್ಯಾಸ ಮುಖ್ಯವಾಗುವುದು ಸೆಂಟ್ರಿಂಗ್ ಬಿಚ್ಚುವ ದಿನ. 20 ಅಡಿಗೆ 30 ಅಡಿಯ ಮನೆಗೆ 5 ಇಂಚಿನ ಮೋಲ್ಡ್ ಹಾಕುತ್ತೀರಿ ಎನ್ನೋಣ. 250 ಘನ ಅಡಿ ಕಾಂಕ್ರೀಟು, 1:1½:3 ಪ್ರಮಾಣದಲ್ಲಿ ಸುಮಾರು 57 ಚೀಲ. ಕೋಣೆಗಳ ಅಗಲ 12 ಅಡಿ. ಅಗಲ 4.5 ಮೀಟರ್ ಮೀರದ ಚಾವಣಿಯ ಆಸರೆ ಕಂಬಗಳನ್ನು ಓಪಿಸಿ ಬಳಸಿದ್ದರೆ 7 ದಿನದ ಮೇಲೆ ತೆಗೆಯಬಹುದು ಎಂದು ಐಎಸ್ 456 ಹೇಳುತ್ತದೆ. ಮೇಸ್ತ್ರಿಗಳ ಬಾಯಲ್ಲಿರುವ ಏಳು ದಿನ ಇದೇ. ಆದರೆ ಏಳನೆಯ ದಿನಕ್ಕೆ 43 ಗ್ರೇಡಿನ ಅಚ್ಚು 33 ತಲುಪಿರಬೇಕು, ಪಿಪಿಸಿಯದು 22 ತಲುಪಿದ್ದರೆ ಸಾಕು. ಮೂರರಲ್ಲಿ ಎರಡು ಪಾಲಷ್ಟೇ. ಬಾಡಿಗೆ ಉಳಿಸಲು ಅಂದೇ ಕಂಬ ಎಳೆದರೆ ಚಾವಣಿ ನಡುವೆ ಜಗ್ಗುತ್ತದೆ, ಕೆಳಗಡೆ ಕೋಣೆಯ ಮಧ್ಯದಲ್ಲಿ ಬಿರುಕು ಕಾಣುತ್ತದೆ. ಪಿಪಿಸಿ ಹಾಕಿದರೆ ಈ ಮೋಲ್ಡಿಗೆ 14 ದಿನ ಕಂಬ ಬಿಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ತೊಲೆಗಳ ಕೆಳಗಿನವನ್ನು ಎಂಜಿನಿಯರ್ ಹೇಳುವ ತನಕ ಮುಟ್ಟಬೇಡಿ.

ಕ್ಯೂರಿಂಗ್ ಕೂಡ ಹಾಗೆಯೇ. ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10; ಕಲಬುರಗಿಯಂಥ ಒಣ ಬಿಸಿಲಿನಲ್ಲಿ 10 ಮತ್ತು 14. ಬೂದಿಯ ಕೆಲಸ ನಿಧಾನವಾದ್ದರಿಂದ ನಡುವೆ ತಾರಸಿ ಒಣಗಿದರೆ ಆ ಬಲ ಬರುವುದೇ ಇಲ್ಲ. ಪಾತಿ ಕಟ್ಟಿ ನೀರು ನಿಲ್ಲಿಸಲು ಆಗದ ಕಡೆ ಓಪಿಸಿ ಉತ್ತಮ. ನೀರೂ ಸಮಯವೂ ಇದ್ದರೆ ಪಾಯ, ಗೋಡೆ, ಪ್ಲಾಸ್ಟರಿಂಗ್, ಮೋಲ್ಡ್ ಎಲ್ಲಕ್ಕೂ ನಾನು ಪಿಪಿಸಿಯನ್ನೇ ಆರಿಸುತ್ತೇನೆ. ಬೇಗ ಬಲ ಪಡೆಯುವ 53 ಬಿಸಿಯನ್ನೂ ಬೇಗ ಹೊರಹಾಕುತ್ತದೆ. ನೀರು ತಪ್ಪಿದರೆ ಕೂದಲೆಳೆಯ ಬಿರುಕುಗಳು ಬೇಗ ಮೂಡುತ್ತವೆ.

ಕೊಳ್ಳುವಾಗ ಚೀಲದ ಮೇಲೆ ಐಎಸ್‌ಐ ಗುರುತು, ಮಾನಕದ ಸಂಖ್ಯೆ, ಹಾರುಬೂದಿಯ ಪ್ರಮಾಣ ನೋಡಿ. ತಯಾರಿಕೆಯ ವಾರ ಮತ್ತು ವರ್ಷವೂ ಅಲ್ಲೇ ಇರುತ್ತದೆ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಮೋಲ್ಡಿಗೆ ಬಳಸಬಾರದು. ಕೈಯಲ್ಲಿ ಅದುಮಿದಾಗ ಪುಡಿಯಾಗದ ಗಂಟುಗಳಿದ್ದರೆ, ದಿನಾಂಕ ಎಷ್ಟೇ ಹೊಸದಿರಲಿ, ಆ ಚೀಲವನ್ನು ವಾಪಸ್ ಕಳಿಸಿ.