ಸಣ್ಣ ಕ್ಲೇಮು, ದೊಡ್ಡ ಕಂತು

ಬಂಪರ್ ರಿಪೇರಿಗೆ ವಿಮೆಯಿಂದ 4,000 ರೂಪಾಯಿ ಬಂತು. ಮರುವರ್ಷ ನವೀಕರಣಕ್ಕೆ ಹೋದರೆ ಕಂತು ಜಿಗಿದಿದೆ. ಯಾಕೆ?

ಕ್ಲೇಮು ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ ಶೇ 20. ನಂತರ 25, 35, 45, ಕೊನೆಗೆ 50. ಈ ರಿಯಾಯಿತಿ ಸ್ವಂತ ವಾಹನದ ಹಾನಿಯ ಕಂತಿಗೆ ಮಾತ್ರ. ಥರ್ಡ್ ಪಾರ್ಟಿ ಕಂತಿಗಿಲ್ಲ. ಒಂದು ಕ್ಲೇಮು ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಗಿಳಿಯುತ್ತದೆ.

ಮೂಲ ಕಂತು 10,000 ಎಂದಿಟ್ಟುಕೊಳ್ಳಿ. ಶೇ 50 ಬೋನಸ್ ಇದ್ದಾಗ 5,000 ಕಟ್ಟುತ್ತಿದ್ದಿರಿ. ಈಗ ಪೂರ್ತಿ 10,000. ಮುಂದೆ ಕ್ಲೇಮಿಲ್ಲದಿದ್ದರೆ ಕ್ರಮವಾಗಿ 8,000, 7,500, 6,500, 5,500. ಐದು ನವೀಕರಣಗಳಲ್ಲಿ ಒಟ್ಟು 12,500 ಹೆಚ್ಚುವರಿ.

ಬೋನಸ್ ರಕ್ಷಣೆಯ ಆ್ಯಡ್-ಆನ್ ಇದ್ದರೆ ಅದರ ಷರತ್ತು ಓದಿ. ಇಲ್ಲದಿದ್ದರೆ, ಸಣ್ಣ ರಿಪೇರಿಗೆ ಕ್ಲೇಮು ಹಾಕುವ ಮುನ್ನ ಈ ಲೆಕ್ಕ ಮಾಡಿ.