ಮೆಸ್ ಬಿಲ್ಲಿನ ಹಿಂದಿನ ತೂಕ

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅರ್ಧ ಹಂಡೆ ಅನ್ನ ಉಳಿದಿತ್ತು. ನೂರ ಹತ್ತು ಜನಕ್ಕೆಂದು ಬೇಯಿಸಿದ್ದು, ಉಂಡವರು ಅರವತ್ತೆಂಟು. ಉಳಿದ ಹುಡುಗರು ಸಂಜೆ ಬಸ್ಸಿಗೇ ಊರಿಗೆ ಹೊರಟುಹೋಗಿದ್ದರು. ಊಟಕ್ಕೆ ಒಬ್ಬರಿಗೆ ನೂರಿಪ್ಪತ್ತು ಗ್ರಾಂ ಅಕ್ಕಿ ಎಂದು ಹಿಡಿದರೆ ನಲವತ್ತೆರಡು ಜನರ ಪಾಲು ಐದು ಕೆಜಿ ಅಕ್ಕಿ, ಬೆಂದ ಮೇಲೆ ಹನ್ನೆರಡು ಕೆಜಿಗೂ ಮೀರಿದ ಅನ್ನ. ಒಂದಿಷ್ಟು ಬೆಳಿಗ್ಗೆ ಚಿತ್ರಾನ್ನವಾಯಿತು. ಮಿಕ್ಕಿದ್ದು ಹಳಸಿತು. ಆ ವರ್ಷ ನಾನು ಮೆಸ್ ಸೆಕ್ರೆಟರಿ. ಭಟ್ಟರು ಹಂಡೆ ತೋರಿಸಿ, "ನೀವು ಕೊಟ್ಟ ಲೆಕ್ಕಕ್ಕೇ ಮಾಡಿದ್ದು ಕಣಪ್ಪಾ" ಎಂದರು. ಅವರು ಹೇಳಿದ್ದು ನಿಜ. ನಾನು ಕೊಟ್ಟಿದ್ದು ಹಾಜರಿ ಪುಸ್ತಕದ ಸಂಖ್ಯೆ, ಉಣ್ಣುವವರ ಸಂಖ್ಯೆಯಲ್ಲ.

ಡಿವೈಡಿಂಗ್ ಮೆಸ್ಸಿನಲ್ಲಿ ಇದ್ದವರಿಗೆಲ್ಲ ಗೊತ್ತು: ತಿಂಗಳ ಕೊನೆಗೆ ಖರ್ಚನ್ನೆಲ್ಲ ಕೂಡಿಸಿ ಹುಡುಗರಿಗೆ ಹಂಚುತ್ತಾರೆ. ಬಿಲ್ ಹೆಚ್ಚಾದರೆ ಗಲಾಟೆ. ಆದರೆ ಏಕೆ ಹೆಚ್ಚಾಯಿತು ಎಂದು ಕೇಳಿದರೆ ಉತ್ತರ ಕೊಡುವಂಥ ಪುಸ್ತಕ ಯಾರ ಬಳಿಯೂ ಇರುವುದಿಲ್ಲ. ಅಂಗಡಿ ಬಿಲ್ಲುಗಳನ್ನು ಪಿನ್ ಹಾಕಿ ಇಟ್ಟಿರುತ್ತಾರೆ, ಅಷ್ಟೆ. ಆ ಬಿಲ್ಲುಗಳು ಎಷ್ಟು ಕೊಂಡೆವು ಎಂದು ಹೇಳುತ್ತವೆ. ಎಷ್ಟು ಬೇಯಿಸಿದೆವು, ಎಷ್ಟು ಜನ ಉಂಡರು ಎಂಬುದು ಅವುಗಳಲ್ಲಿ ಇರುವುದಿಲ್ಲ.

ಮೊದಲು ತಲೆ ಎಣಿಕೆ. ಇದರಲ್ಲಿ ಮೂರು ಬೇರೆ ಬೇರೆ ಸಂಖ್ಯೆಗಳಿವೆ: ಹಾಸ್ಟೆಲ್ಲಿಗೆ ಸೇರಿದವರು, ನಾಳೆ ಊಟ ಬೇಕೆಂದವರು, ನಿಜವಾಗಿ ತಟ್ಟೆ ಹಿಡಿದವರು. ಅಡುಗೆಗೆ ಬೇಕಾದ್ದು ಎರಡನೆಯದು, ಲೆಕ್ಕಕ್ಕೆ ಬೇಕಾದ್ದು ಮೂರನೆಯದು. ನಾವು ಊಟದ ಮನೆಯ ಬಾಗಿಲಿಗೆ ದಿನಕ್ಕೊಂದು ಹಾಳೆ ತೂಗುಹಾಕಿದೆವು. ರಾತ್ರಿ ಎಂಟು ಗಂಟೆಯೊಳಗೆ, ನಾಳೆ ಊಟ ಬೇಡದವರು ತಮ್ಮ ರೂಮ್ ನಂಬರ್ ಮುಂದೆ ಗೀಟು ಎಳೆಯಬೇಕು. ಬೇಕಾದವರು ಬರೆಯಲಿ ಎಂದು ಮೊದಲು ಮಾಡಿ ನೋಡಿದ್ದೆವು. ಅರ್ಧ ಜನ ಬರೆಯದೆಯೇ ಬಂದು ಕೂತರು, ಹಸಿದು ಬಂದವನನ್ನು ಎಬ್ಬಿಸಿ ಕಳಿಸಲು ಯಾರಿಗೂ ಮನಸ್ಸಾಗಲಿಲ್ಲ.

ತಿಂಡಿಗೆ ಈ ಎಂಟು ಗಂಟೆಯ ಗಡುವು ಸಾಲದು. ನಾಳೆ ಇಡ್ಲಿ ಎಂದರೆ ಇವತ್ತು ಮಧ್ಯಾಹ್ನವೇ ಉದ್ದು ನೆನೆಹಾಕಬೇಕು, ಸಂಜೆ ರುಬ್ಬಬೇಕು. ಹಾಗಾಗಿ ಇಡ್ಲಿ, ದೋಸೆಯ ದಿನಕ್ಕೆ ಹಿಂದಿನ ನಾಲ್ಕು ವಾರಗಳಲ್ಲಿ ಅದೇ ವಾರದಂದು ಎಷ್ಟು ಜನ ಬಂದಿದ್ದರೋ ಅದರ ಸರಾಸರಿಯನ್ನೇ ಹಿಡಿಯುತ್ತಿದ್ದೆವು. ವಾರದ ಲಯ ಅಷ್ಟು ಗಟ್ಟಿ. ಶುಕ್ರವಾರ ರಾತ್ರಿ, ಶನಿವಾರ ಬೆಳಿಗ್ಗೆ ಇಳಿಯುತ್ತದೆ, ಚಿಕನ್ ಇರುವ ಭಾನುವಾರ ಏರುತ್ತದೆ, ಪರೀಕ್ಷೆಯ ವಾರದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಅನುಮಾನ ಇದ್ದ ರಾತ್ರಿ ಭಟ್ಟರು ಅನ್ನವನ್ನು ಎರಡು ಹಂಡೆಯಾಗಿ ಮಾಡುತ್ತಿದ್ದರು. ಮೊದಲ ಹಂಡೆ ಮುಗಿಯುತ್ತ ಬಂದಾಗ ಬಾಗಿಲ ಕಡೆ ನೋಡಿ, ಎರಡನೆಯದಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ತೀರ್ಮಾನಿಸುವರು.

ಉಂಡವರ ಎಣಿಕೆಗೆ ಸಹಿ ಪುಸ್ತಕ ಇಟ್ಟಿದ್ದೆವು. ಅದರ ಜೊತೆಗೆ ತಟ್ಟೆಯನ್ನೂ ಎಣಿಸುತ್ತಿದ್ದೆವು: ಊಟಕ್ಕೆ ಮುಂಚೆ ಸ್ಟ್ಯಾಂಡಿನಲ್ಲಿ ನೂರೈವತ್ತು ತಟ್ಟೆ, ಮುಗಿದಾಗ ಅಲ್ಲಿ ಉಳಿದಿದ್ದು ಎಂಬತ್ತೆರಡು ಎಂದರೆ ಉಂಡವರು ಅರವತ್ತೆಂಟು. ಸಹಿ ಅರವತ್ತೇ ಇದ್ದರೆ ಎಂಟು ಜನ ಬರೆಯದೆ ಉಂಡಿದ್ದಾರೆ.

ಇನ್ನು ಉಗ್ರಾಣ. ಎಷ್ಟೋ ಹಾಸ್ಟೆಲ್ಲುಗಳಲ್ಲಿ ಲೆಕ್ಕ ಸೋರುವುದು ಬಾಗಿಲಲ್ಲೇ, ಮೂಟೆ ಇಳಿಯುವ ಹೊತ್ತಿಗೆ. ಒಂದು ಉದಾಹರಣೆ ಕೊಡುತ್ತೇನೆ. 2022ರ ಜುಲೈ 18ರಿಂದ, ಇಪ್ಪತ್ತೈದು ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿ ಚೀಲಕ್ಕೆ ಐದು ಪರ್ಸೆಂಟ್ ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. ಹಾಗಾಗಿ ಇಪ್ಪತ್ತಾರು ಕೆಜಿಯ ಚೀಲಗಳು ಮಾರುಕಟ್ಟೆಗೆ ಬಂದವು. ಸ್ಟಾಕ್ ಪುಸ್ತಕದಲ್ಲಿ ಹಳೆಯ ರೂಢಿಯಂತೆ ಚೀಲಕ್ಕೆ ಇಪ್ಪತ್ತೈದು ಎಂದೇ ಬರೆಯುತ್ತ ಹೋದರೆ, ತಿಂಗಳಿಗೆ ಇಪ್ಪತ್ತೈದು ಚೀಲ ಖರ್ಚಾಗುವ ಕಡೆ ಇಪ್ಪತ್ತೈದು ಕೆಜಿ ಅಕ್ಕಿ ಪುಸ್ತಕದ ಹೊರಗೇ ಉಳಿಯುತ್ತದೆ. ಇನ್ನೂರು ಊಟದ ಅಕ್ಕಿ. ಅದು ಹೋದರೂ ಪುಸ್ತಕಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಚೀಲದ ಸಂಖ್ಯೆಯನ್ನಲ್ಲ, ತಕ್ಕಡಿ ತೋರಿಸಿದ ತೂಕವನ್ನು ಬರೆಯಬೇಕು.

ಭಟ್ಟರಿಗೆ ತಕ್ಕಡಿ ಒಗ್ಗುವುದಿಲ್ಲ. ಅವರದ್ದು ಸೇರು, ಪಾವು, ಇಲ್ಲವೇ ಒಂದು ಹಳೆಯ ಡಬ್ಬ. ಅದನ್ನು ಬಿಡಿಸಲು ಹೋಗಿ ನಾವು ಒಂದು ತಿಂಗಳು ಜಗಳವಾಡಿದೆವು. ಆಮೇಲೆ ಹೊಳೆದದ್ದು ತೀರಾ ಸುಲಭದ ದಾರಿ: ಅವರ ಡಬ್ಬದಲ್ಲಿ ಅಕ್ಕಿ, ತೊಗರಿಬೇಳೆ, ರವೆ, ಒಂದೊಂದನ್ನೂ ತುಂಬಿ ತೂಗಿ, ತೂಕವನ್ನು ಉಗ್ರಾಣದ ಗೋಡೆಗೆ ಅಂಟಿಸುವುದು. ಅವರು "ಹನ್ನೊಂದು ಡಬ್ಬ ಅಕ್ಕಿ" ಎಂದರೆ ನಾವು ಕೆಜಿಯಲ್ಲಿ ಬರೆದುಕೊಳ್ಳುತ್ತಿದ್ದೆವು.

ತರಕಾರಿ, ಹಾಲು, ಮೊಸರಿಗೆ ಇಷ್ಟೆಲ್ಲ ಬೇಡ. ಅವು ನಿಲ್ಲುವ ಪದಾರ್ಥಗಳಲ್ಲ, ತಂದ ದಿನದ ಖರ್ಚಿಗೇ ಸೇರಿಸಿದರೆ ಸಾಕು. ದಿನಸಿಯ ಮಾತು ಬೇರೆ. ಅದರ ಖರ್ಚು ಎಂದರೆ ತಿಂಗಳ ಮೊದಲ ದಿನ ಉಗ್ರಾಣದಲ್ಲಿದ್ದದ್ದು, ಅದಕ್ಕೆ ಕೊಂಡದ್ದನ್ನು ಕೂಡಿಸಿ, ಕೊನೆಯ ರಾತ್ರಿ ಉಳಿದದ್ದನ್ನು ಕಳೆದರೆ ಸಿಗುವುದು. ಕೊನೆಯ ರಾತ್ರಿಯ ತೂಕ ಹಿಡಿಯುವುದು ಬೇಸರದ ಕೆಲಸ, ಒಡೆದ ಚೀಲ, ಅರ್ಧ ಟಿನ್ ಎಲ್ಲವನ್ನೂ ತಕ್ಕಡಿಗೆ ಇಡಬೇಕು. ಅದನ್ನು ಬಿಟ್ಟರೆ ಮಾತ್ರ ಮಿಕ್ಕ ಲೆಕ್ಕವೆಲ್ಲ ಊಹೆ.

ಏಕೆಂದು ಒಂದು ತಿಂಗಳನ್ನು ಬಿಡಿಸಿ ನೋಡೋಣ. ನೂರಿಪ್ಪತ್ತು ಜನರ ಹಾಸ್ಟೆಲ್, ದಸರಾ ರಜೆ ಬಂದ ಅಕ್ಟೋಬರ್ ಎಂದಿಟ್ಟುಕೊಳ್ಳಿ. ತಿಂಗಳ ಮೊದಲಿಗೆ ಉಗ್ರಾಣದಲ್ಲಿ 42,000 ರೂಪಾಯಿಯ ದಿನಸಿ. ತರಕಾರಿ, ಹಾಲು ಸೇರಿ ಕೊಂಡದ್ದು 2,46,000. ನವೆಂಬರಿಗೆಂದು ಮೊದಲೇ ಇಳಿಸಿಕೊಂಡ ಮೂಟೆಗಳೂ ಇದರಲ್ಲಿವೆ, ಹಾಗಾಗಿ ಕೊನೆಗೆ ಉಳಿದದ್ದು 78,000. ಬೆಂದು ಹೋದದ್ದು 2,10,000 ರೂಪಾಯಿಯ ಪದಾರ್ಥ.

ಬಿಲ್ಲುಗಳನ್ನಷ್ಟೇ ಕೂಡಿಸಿ ನೂರಿಪ್ಪತ್ತರಿಂದ ಭಾಗಿಸುವ ಹಳೆಯ ಪದ್ಧತಿಯಲ್ಲಿ ಎಲ್ಲರಿಗೂ 2,050 ರೂಪಾಯಿ ಬೀಳುತ್ತದೆ. ನವೆಂಬರಿನ ಅಕ್ಕಿಗೆ ಅಕ್ಟೋಬರಿನಲ್ಲೇ ದುಡ್ಡು ಕೊಟ್ಟಂತಾಯಿತು. ಅಕ್ಟೋಬರಿನಲ್ಲೇ ಹಾಸ್ಟೆಲ್ ಬಿಟ್ಟು ಹೋಗುವ ಹುಡುಗ ತಾನು ಉಣ್ಣದ ಅನ್ನಕ್ಕೂ ತೆತ್ತಿರುತ್ತಾನೆ.

ಈಗ ಉಂಡ ಊಟದ ಲೆಕ್ಕಕ್ಕೆ ಬರೋಣ. ತಿಂಡಿಗೆ ತಗಲುವ ಖರ್ಚು ಸುಮಾರಾಗಿ ಅರ್ಧ ಊಟದಷ್ಟು, ಆದ್ದರಿಂದ ತಿಂಡಿಯನ್ನು ಅರ್ಧ ಎಂದು ಎಣಿಸುತ್ತೇವೆ. ಈ ಅರ್ಧ ಎನ್ನುವುದು ಒಪ್ಪಂದದ ಸಂಖ್ಯೆ. ನಿಮ್ಮ ಮೆಸ್ಸಿನಲ್ಲಿ ದಿನಾ ಮಸಾಲೆ ದೋಸೆಯಾದರೆ ಅದು ಹೆಚ್ಚಾಗಬಹುದು, ವರ್ಷಕ್ಕೊಮ್ಮೆ ಒಂದು ವಾರ ತೂಗಿ ನೋಡಿ ತಿದ್ದಿಕೊಳ್ಳಬೇಕು. ನಮ್ಮ ತಿಂಗಳಲ್ಲಿ 2,400 ತಿಂಡಿ, 2,200 ಮಧ್ಯಾಹ್ನದ ಊಟ, 2,600 ರಾತ್ರಿ ಊಟ. ತಿಂಡಿಯನ್ನು ಅರ್ಧ ಮಾಡಿ ಕೂಡಿಸಿದರೆ 6,000 ಊಟ. 2,10,000ವನ್ನು ಅದರಿಂದ ಭಾಗಿಸಿದರೆ ಊಟಕ್ಕೆ 35 ರೂಪಾಯಿ, ತಿಂಡಿಗೆ ಹದಿನೇಳೂವರೆ. ಕಂಪ್ಯೂಟರಿನ ಶೀಟಿನಲ್ಲಾದರೆ ತಿಂಡಿ B, ಮಧ್ಯಾಹ್ನ C, ರಾತ್ರಿ D ಕಂಬದಲ್ಲಿದ್ದಾಗ ಪ್ರತಿ ಹುಡುಗನ ಸಾಲಿಗೆ ಇಷ್ಟು ಬರೆದರೆ ಆಯಿತು:

```
=(B2*0.5+C2+D2)*35
```

ರಜೆಯಲ್ಲೂ ಹಾಸ್ಟೆಲ್ಲಿನಲ್ಲೇ ಉಳಿದು ಮೂವತ್ತೊಂದು ದಿನ ಮೂರು ಹೊತ್ತೂ ಉಂಡವನಿಗೆ 2,712 ರೂಪಾಯಿ ಐವತ್ತು ಪೈಸೆ. ಹನ್ನೆರಡು ದಿನ ಊರಿಗೆ ಹೋಗಿ, ಉಳಿದ ಹತ್ತೊಂಬತ್ತು ದಿನ ತಿಂಡಿ ಮತ್ತು ರಾತ್ರಿ ಊಟ ಮಾಡಿ, ಮಧ್ಯಾಹ್ನ ನಾಲ್ಕೇ ದಿನ ಉಂಡವನಿಗೆ 1,137 ರೂಪಾಯಿ ಐವತ್ತು ಪೈಸೆ. ಹಳೆಯ ಪದ್ಧತಿಯಲ್ಲಿ ಇಬ್ಬರದ್ದೂ ಒಂದೇ ಬಿಲ್.

ಭಟ್ಟರ ಸಂಬಳವನ್ನು ಮಾತ್ರ ಹೀಗೆ ಹಂಚಬಾರದು. ಇಪ್ಪತ್ತು ಜನ ಉಂಡರೂ ಒಲೆ ಹಚ್ಚಲೇಬೇಕು, ಭಟ್ಟರು ಬೆಳಿಗ್ಗೆ ನಾಲ್ಕೂವರೆಗೆ ಏಳಲೇಬೇಕು. ಸಂಬಳ, ಗ್ಯಾಸ್, ಕರೆಂಟು ಸೇರಿ 84,000 ಆಗಿದ್ದರೆ ತಲೆಗೆ 700ರಂತೆ ಊರಿಗೆ ಹೋದವನೂ ಕೊಡಬೇಕು. ಇದನ್ನು ವರ್ಷದ ಮೊದಲಿಗೇ ಎಲ್ಲರೆದುರು ಹೇಳಿಬಿಡುವುದು ಒಳ್ಳೆಯದು. ನಾವು ಹೇಳದೆ ಅಕ್ಟೋಬರಿನಲ್ಲಿ ಹಾಕಿ ಬೈಸಿಕೊಂಡೆವು.

ಇಷ್ಟರ ಮೇಲೂ ರೂಪಾಯಿಯ ಲೆಕ್ಕ ಒಂದು ವಿಷಯದಲ್ಲಿ ಕಣ್ಣು ಕಟ್ಟುತ್ತದೆ. 2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಅಂಥ ತಿಂಗಳಲ್ಲಿ ಊಟದ ದರ ಮೂರು ರೂಪಾಯಿ ಏರಿದರೆ ಎಲ್ಲರೂ ಟೊಮೆಟೊವನ್ನೇ ಬೈಯುತ್ತಾರೆ, ಎಣ್ಣೆ ಪೋಲಾಗಿದ್ದರೂ ಕಾಣುವುದಿಲ್ಲ. ಹಾಗಾಗಿ ರೂಪಾಯಿ ತಿಂಗಳಿಗೊಮ್ಮೆ ಸಾಕು. ದಿನವೂ ನೋಡಬೇಕಾದ್ದು ಗ್ರಾಂ. ಅದೂ ಎಲ್ಲ ಪದಾರ್ಥದ್ದಲ್ಲ. ಅಕ್ಕಿ, ತೊಗರಿಬೇಳೆ, ಎಣ್ಣೆ, ಈ ಮೂರರದ್ದು. ಉಗ್ರಾಣದಿಂದ ಹೊರಬಂದ ತೂಕವನ್ನು ಆ ದಿನದ ಊಟದ ಸಂಖ್ಯೆಯಿಂದ ಭಾಗಿಸಿ ಬರೆಯುವುದು, ವಾರಕ್ಕೊಮ್ಮೆ ಸರಾಸರಿ ನೋಡುವುದು. ದಿನಕ್ಕೆ ನೋಡಿ ಗಾಬರಿಯಾಗಬಾರದು, ಪೂರಿಯ ದಿನ ಎಣ್ಣೆ ಏರುವುದು ಸಹಜ. ನಮ್ಮಲ್ಲಿ ಹದಿನೈದು ಕೆಜಿಯ ಎಣ್ಣೆ ಟಿನ್ ಸುಮಾರು ಸಾವಿರದ ಇನ್ನೂರು ಊಟಕ್ಕೆ ಬರುತ್ತಿತ್ತು, ಅಂದರೆ ಊಟಕ್ಕೆ ಹನ್ನೆರಡೂವರೆ ಗ್ರಾಂ.

ಒಂದು ವಾರ ಅದು ಹದಿನಾರರ ಹತ್ತಿರ ಬಂತು. ನನಗೆ ಮೊದಲು ಬಂದದ್ದು ಕೆಟ್ಟ ಅನುಮಾನವೇ. ಆದರೆ ಪಕ್ಕದ ಕಂಬಗಳನ್ನು ನೋಡಿದಾಗ ಅಕ್ಕಿಯೂ ಏರಿತ್ತು, ಬೇಳೆಯೂ ಏರಿತ್ತು, ಮೂರೂ ಹೆಚ್ಚುಕಡಿಮೆ ಕಾಲು ಭಾಗ. ಎಣ್ಣೆ ಕದಿಯುವವನು ಅದೇ ಅಳತೆಯಲ್ಲಿ ಅಕ್ಕಿಯನ್ನೂ ಬೇಳೆಯನ್ನೂ ಕದಿಯುವುದಿಲ್ಲ. ಹಾಗಾದರೆ ತಪ್ಪಿರುವುದು ಉಗ್ರಾಣದಲ್ಲಲ್ಲ, ಎಣಿಕೆಯಲ್ಲಿ. ಹೋಗಿ ನೋಡಿದರೆ, ಸುಣ್ಣ ಬಳಿಯುವಾಗ ಸಹಿ ಪುಸ್ತಕದ ಮೇಜನ್ನು ಕೈತೊಳೆಯುವ ಜಾಗದ ಹಿಂದಕ್ಕೆ ಸರಿಸಿದ್ದರು. ಐವರಲ್ಲಿ ಒಬ್ಬ ಸಹಿ ಹಾಕದೆ ಉಣ್ಣುತ್ತಿದ್ದ. ಆ ವಾರ ಗೋಡೆಯ ಕೆಲಸದ ಗಡಿಬಿಡಿಯಲ್ಲಿ ನಾವು ತಟ್ಟೆಯನ್ನೂ ಎಣಿಸಿರಲಿಲ್ಲ. ಮೇಜನ್ನು ಬಾಗಿಲಿಗೆ ತಂದಿಟ್ಟ ಮೇಲೆ ಎಣ್ಣೆ ಮತ್ತೆ ಹದಿಮೂರಕ್ಕೆ ಇಳಿಯಿತು.

ಅಂದಿನಿಂದ ನಾನು ಓದುವ ಕ್ರಮ ಹೀಗೆ. ಮೂರೂ ಒಟ್ಟಿಗೆ ಏರಿದರೆ ಬರೆಯದೆ ಉಂಡವರಿದ್ದಾರೆ, ಇಲ್ಲವೇ ಅಡುಗೆ ಹೆಚ್ಚಾಗಿ ಚೆಲ್ಲಿದೆ. ಇವೆರಡರಲ್ಲಿ ಯಾವುದೆಂದು ತಟ್ಟೆಯ ಎಣಿಕೆಯೂ ಉಳಿದ ಅನ್ನದ ಪಾತ್ರೆಯೂ ಹೇಳುತ್ತವೆ. ಮೂರೂ ಒಟ್ಟಿಗೆ ಇಳಿದರೆ ಗೆಳೆಯನ ಸಹಿಯನ್ನೂ ತಾನೇ ಹಾಕುವವರು ಯಾರೋ ಇದ್ದಾರೆ. ಒಂದೇ ಪದಾರ್ಥ ಏರಿದರೆ ಮಾತ್ರ ಉಗ್ರಾಣಕ್ಕೆ ಹೋಗಿ ಆ ಪದಾರ್ಥದ ಬಗ್ಗೆ ಕೇಳಬೇಕು. ಅಲ್ಲೂ ಉತ್ತರ ಎಷ್ಟೋ ಸಲ ಸಾದಾ ಇರುತ್ತದೆ: ಹೊಸ ಬೇಳೆ ಬೇಗ ಕರಗುವುದಿಲ್ಲ, ಸಾರು ಗಟ್ಟಿ ಬರಲೆಂದು ಭಟ್ಟರು ಒಂದು ಡಬ್ಬ ಹೆಚ್ಚು ಹಾಕಿದ್ದಾರೆ.

ವಾರದ ಈ ಗ್ರಾಂ ಹಾಳೆಯನ್ನು ನಾವು ನೋಟಿಸ್ ಬೋರ್ಡಿಗೆ ಹಾಕುವ ಮುನ್ನ ಭಟ್ಟರಿಗೆ ಓದಿ ಹೇಳುತ್ತಿದ್ದೆವು. ಮೇಜಿನ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ನನ್ನ ಮೇಲೆ ಅನುಮಾನ ಬಂತೇನಪ್ಪಾ?" ಎಂದು ಕೇಳಿದರು. ಬಂತು ಎಂದು ಒಪ್ಪಿಕೊಂಡೆ. ಮಾರನೆಯ ದಿನದಿಂದ ತಟ್ಟೆಗಳನ್ನು ಅವರೇ ಎಣಿಸಿ, ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಉಗ್ರಾಣದ ಬಾಗಿಲ ಮೇಲೆ ಬರೆದಿಡುತ್ತಿದ್ದರು.